ಒಂಬತ್ತೂ ಕಾಲು ತೋರಿಸಿ

ನಾಸಿಕದ ಅಪರಿಚಿತ ಮಹಿಳೆಯೊಬ್ಬರಿಗೆ ಹೋದ ವರ್ಷ ನಾನೊಂದು ಇಮೇಲ್ ಬರೆದೆ. ಅವರು ಮಾರಾಟಕ್ಕಿಟ್ಟಿದ್ದ ಹಳೆಯ ಕೈಗಡಿಯಾರದ ಇನ್ನಷ್ಟು ಫೋಟೋ ಮತ್ತು ಕಾಗದಪತ್ರ ಬೇಕು ಎಂಬುದಷ್ಟೇ ವಿಷಯ. ಅರ್ಧ ಗಂಟೆಯಲ್ಲಿ ಮುಗಿಯಬೇಕಾದ ಪತ್ರ ನನಗೆ ಮೂರು ಸಂಜೆ ಹಿಡಿಯಿತು. ಮೊದಲ ಕರಡನ್ನು ಓದಿದ ಹೆಂಡತಿ, "ಇದು ವಾಚು ಕೊಳ್ಳೋರ ಪತ್ರ ಅಲ್ಲ ಕಣ್ರೀ, ಪೊಲೀಸ್ ಸ್ಟೇಷನ್ನಿಂದ ಬಂದ ನೋಟಿಸ್ ಇದ್ದಂಗಿದೆ" ಅಂದಳು. ಅವಳ ಮಾತು ಸರಿಯಾಗಿಯೇ ಇತ್ತು.

ವಾಚು ಎಚ್‌ಎಂಟಿ ಪೈಲಟ್. ಕಪ್ಪು ಡಯಲ್, ಬಿಳಿ ಅಂಕಿಗಳು, ದಿನಾ ಕೀ ಕೊಡಬೇಕಾದದ್ದು. ಅಪ್ಪನ ಹತ್ತಿರ ಅಂಥದ್ದೊಂದಿತ್ತು. ತುಮಕೂರಿನ ವಾಚ್ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕ ಹೊಸದರಲ್ಲಿ ಚಿಕ್ಕಪ್ಪ ಅಣ್ಣನಿಗೆಂದು ತಂದುಕೊಟ್ಟಿದ್ದು. ನಾನು ಮುಂಬೈಗೆ ಹೊರಟಾಗ ಅಪ್ಪ ಅದನ್ನು ಬಿಚ್ಚಿ ನನ್ನ ಕೈಗೆ ಕಟ್ಟಿದರು. 1998ರಲ್ಲಿ ಕುರ್ಲಾದಲ್ಲಿ ಲೋಕಲ್ ಹತ್ತುವ ನೂಕುನುಗ್ಗಲಿನಲ್ಲಿ ಬೆಲ್ಟಿನ ಪಿನ್ನು ಕಿತ್ತು ವಾಚು ಎಲ್ಲೋ ಬಿತ್ತು. ಮುಂದಿನ ಸ್ಟೇಷನ್ನಿನಲ್ಲಿ ಇಳಿದು ವಾಪಸ್ ಬಂದು ಹಳಿಗಳ ಮಧ್ಯೆ ಇಣುಕಿ ನೋಡಿದ್ದು ನೆನಪಿದೆ. ಅಪ್ಪ ಬೈಯಲಿಲ್ಲ. ಅವರಿಗೀಗ ಎಂಬತ್ತು ತುಂಬುವುದರಲ್ಲಿತ್ತು. ತಿಪಟೂರಿಗೆ ಹೋಗುವಾಗ ಅಂಥದ್ದೇ ಇನ್ನೊಂದು ಒಯ್ಯಬೇಕು ಅನ್ನಿಸಿತ್ತು.

ಹೊಸದು ಸಿಗುವ ಮಾತೇ ಇರಲಿಲ್ಲ. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ವಾಚು ತಯಾರಿಕೆಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿದ್ದು 2016ರ ಜನವರಿಯಲ್ಲಿ. ಆಮೇಲೆ ಹಳೆಯ ವಾಚುಗಳ ಬೆಲೆ ಏರಿತು. ಬೆಲೆ ಏರಿದ ಕೂಡಲೇ 'ಹಳೆಯ' ವಾಚುಗಳು ಹೊಸದಾಗಿ ಹುಟ್ಟತೊಡಗಿದವು. ಅವು ಎಲ್ಲಿ ಹುಟ್ಟುತ್ತವೆ ಅಂದರೆ, ನಾಚಿಕೆಯ ಮಾತು, ಹೆಚ್ಚಾಗಿ ನಮ್ಮೂರಲ್ಲೇ. ಒಂದು ವಾಚಿನ ಮಷಿನ್ನು, ಇನ್ನೊಂದರ ಕೇಸು, ಮತ್ತೆಲ್ಲಿಂದಲೋ ಬಂದ ಡಯಲ್ಲಿಗೆ ಹೊಸ ಬಣ್ಣ ಮತ್ತು ಹೊಸ ಅಚ್ಚು. ಇದನ್ನೆಲ್ಲ ಸೇರಿಸಿದ ವಾಚಿಗೆ ಜಗತ್ತಿನ ಸಂಗ್ರಾಹಕರು ಇಟ್ಟಿರುವ ಹೆಸರೇ 'ಮುಂಬೈ ಸ್ಪೆಷಲ್'. ವಡಾಪಾವಿನ ಹಾಗೆ ಇದೂ ಊರಿನ ಹೆಸರು ಹೊತ್ತು ದೇಶ ಸುತ್ತುತ್ತಿದೆ.

ನಾನೂ ಅಂಥದ್ದೊಂದಕ್ಕೆ ಬಿದ್ದವನೇ. 2019ರಲ್ಲಿ ಆನ್‌ಲೈನಿನಲ್ಲಿ ಒಂದು ಪೈಲಟ್ ಸಿಕ್ಕಿತು. 3,200 ರೂಪಾಯಿ, ಪೆಟ್ಟಿಗೆ ಸಮೇತ, ಗ್ಯಾರಂಟಿ ಕಾರ್ಡು ಸಮೇತ. ಕಾರ್ಡಿನ ಮೇಲೆ ಅಂಗಡಿಯ ಸೀಲು, 1984ರ ತಾರೀಕು. ಕಾಗದ ಇದೆಯಲ್ಲ ಎಂಬ ಧೈರ್ಯದಲ್ಲಿ ಬೇರೇನೂ ಕೇಳದೆ ದುಡ್ಡು ಕಳಿಸಿದೆ. ಯುಗಾದಿಗೆ ಊರಿಗೆ ಒಯ್ದಾಗ ಅಪ್ಪನಿಗೆ ಕೊಡುವ ಮೊದಲು ಚಿಕ್ಕಪ್ಪನಿಗೆ ತೋರಿಸಿದೆ. ಅವರು ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯನ್ನು ಇವತ್ತಿಗೂ ಅಂಗಿಯ ಜೇಬಿನಲ್ಲೇ ಇಟ್ಟುಕೊಳ್ಳುತ್ತಾರೆ. ನೋಡಿದರು, ಹಿಂದಿನ ಮುಚ್ಚಳ ತೆಗೆದರು, ಮತ್ತೆ ನೋಡಿದರು.

"ಲೋ, ಇದಕ್ಕೆ ಮೂರು ಜನ ತಾಯಂದಿರು ಕಣೋ."

ಆಮೇಲೆ ಒಂದೊಂದಾಗಿ ತೋರಿಸಿದರು. ಡಯಲ್ ಅಂಚಿನ ನಿಮಿಷದ ಗೆರೆಗಳು ಗಂಟೆಯ ಅಂಕಿಗಳಿಗೆ ನೇರ ಬಂದಿರಲಿಲ್ಲ. 3ರ ಬಳಿ ಸರಿಯಿದ್ದದ್ದು 7ಕ್ಕೆ ಬರುವಷ್ಟರಲ್ಲಿ ಅರ್ಧ ಗೆರೆ ಜಾರಿತ್ತು. ಫ್ಯಾಕ್ಟರಿಯ ಅಚ್ಚಿನಲ್ಲಿ ಹಾಗಾಗುವುದಿಲ್ಲ. ಅಕ್ಷರಗಳ ಅಂಚು ಒದ್ದೆ ಕಾಗದದ ಮೇಲೆ ಬರೆದಂತೆ ಸ್ವಲ್ಪ ಹರಡಿತ್ತು. ಮುಳ್ಳುಗಳು ಕೂರುವ ನಡುವಿನ ತೂತಿನ ಅಂಚಿಗೆ ಬಣ್ಣ ದಪ್ಪಗೆ ಕಟ್ಟಿಕೊಂಡಿತ್ತು. ಒಳಗೆ ಮಷಿನ್ನಿನ ಒಂದು ತಟ್ಟೆ ಬೆಳ್ಳಿಯ ಬಣ್ಣ, ಪಕ್ಕದ್ದು ಹಳದಿ. ಸ್ಕ್ರೂಗಳ ತಲೆಯ ಸೀಳು ಹರಿದು ಹೋಗಿತ್ತು. ಹೊಂದದ ಸ್ಕ್ರೂಡ್ರೈವರಿನಲ್ಲಿ ಪದೇ ಪದೇ ತಿರುವಿದ ಗುರುತು ಅದು.

"ಕಾರ್ಡಿದೆಯಲ್ಲ ಚಿಕ್ಕಪ್ಪ" ಅಂದೆ, ಕೊನೆಯ ಆಸರೆಯ ಹಾಗೆ. ಅವರು ಕಾರ್ಡು ನೋಡಲೂ ಇಲ್ಲ, "ಅದನ್ನ ನೀನೇ ಓದು" ಅಂದರು. ಓದಿದೆ. ಸೀಲಿನಲ್ಲಿ ಇಂಗ್ಲಿಷಿನಲ್ಲಿ ಅಂಗಡಿಯ ವಿಳಾಸ, ಕೊನೆಯಲ್ಲಿ ಮುಂಬೈ ಎಂದಿತ್ತು. ತಾರೀಕು 1984. ಇಂಗ್ಲಿಷಿನಲ್ಲಿ ಈ ಊರು ಅಧಿಕೃತವಾಗಿ ಬಾಂಬೆಯಿಂದ ಮುಂಬೈ ಆದದ್ದು 1995ರಲ್ಲಿ. ಇಪ್ಪತ್ತೈದು ವರ್ಷ ಇಲ್ಲೇ ಬದುಕಿದ ನನಗೆ ಅದು ಕಣ್ಣಿಗೆ ಬಿದ್ದಿರಲಿಲ್ಲ. ಕಾರ್ಡು ಇದೆಯೇ ಎಂದು ನೋಡಿದ್ದೆನೇ ಹೊರತು ಕಾರ್ಡಿನಲ್ಲಿ ಏನಿದೆ ಎಂದು ನೋಡಿರಲಿಲ್ಲ. ಆ ವಾಚನ್ನು ಅಪ್ಪನಿಗೆ ತೋರಿಸದೆ ಬ್ಯಾಗಿನ ತಳಕ್ಕೆ ತುರುಕಿ ವಾಪಸ್ ತಂದೆ.

ಹೀಗಾಗಿ ನಾಸಿಕದ ಜಾಹೀರಾತು ಕಂಡಾಗ ನಾನು ಹಾಲು ಕುಡಿದು ಬಾಯಿ ಸುಟ್ಟುಕೊಂಡ ಬೆಕ್ಕಾಗಿದ್ದೆ. ಜಾಹೀರಾತಿನಲ್ಲಿ ಮೂರೇ ಫೋಟೋ. ಒಂದು ಫ್ಲಾಶ್ ಹಾಕಿ ತೆಗೆದದ್ದು. ಗಾಜಿನ ಮೇಲೆ ಬಿಳಿ ಸೂರ್ಯ ಹುಟ್ಟಿ ಅರ್ಧ ಡಯಲ್ಲನ್ನು ನುಂಗಿತ್ತು. ಇನ್ನೊಂದು ಯಾರದೋ ಕೈಮೇಲೆ, ಓರೆಯಾಗಿ. ಮೂರನೆಯದು ಪೆಟ್ಟಿಗೆ ಮತ್ತು ಮಡಿಸಿದ ಕಾರ್ಡು. ವಾಚು ಹನ್ನೆರಡೂವರೆಗೆ ನಿಂತಿತ್ತು. ಅಂದರೆ ಗಂಟೆಯ ಮುಳ್ಳು ಮೇಲಿನ ಹೆಸರಿನ ಮೇಲೆ, ನಿಮಿಷದ ಮುಳ್ಳು ಕೆಳಗಿನ ಬರಹದ ಮೇಲೆ. ನೋಡಬೇಕಾದ ಎರಡೂ ಜಾಗ ಮುಚ್ಚಿಹೋಗಿದ್ದವು. 'ಮಾವನವರ ವಾಚು, ನಡೆಯುತ್ತದೆ, ಎಲ್ಲಾ ಒರಿಜಿನಲ್, ಕಾಗದ ಇದೆ, 4,500' ಎಂದು ಬರೆದಿದ್ದರು.

ಮೊದಲ ಕರಡಿನಲ್ಲಿ ನಾನು ಹದಿನೆಂಟು ಫೋಟೋ ಕೇಳಿದ್ದೆ, ಅಂಕಿ ಹಾಕಿ. ಡಯಲ್ ಮರುಬಣ್ಣ ಆಗಿಲ್ಲವೆಂದು ಖಾತ್ರಿ ಕೊಡಿ, ವಾಚು ನಿಮ್ಮದೇ ಎಂಬುದಕ್ಕೆ ಪುರಾವೆ ಕೊಡಿ ಅಂತೆಲ್ಲ ಬರೆದಿದ್ದೆ. ಹೆಂಡತಿ ನೋಟಿಸ್ ಅಂದದ್ದು ಅದನ್ನೇ. ಯೋಚಿಸಿದಾಗ ತಪ್ಪು ಬರೀ ದನಿಯಲ್ಲಿ ಇರಲಿಲ್ಲ. 'ಮರುಬಣ್ಣ ಆಗಿದೆಯೇ' ಎಂಬ ಪ್ರಶ್ನೆಯೇ ಪ್ರಯೋಜನವಿಲ್ಲದ್ದು. ಮೋಸಗಾರನಾದರೆ ಆಗಿಲ್ಲ ಅನ್ನುತ್ತಾನೆ. ಪ್ರಾಮಾಣಿಕರಾದರೆ ಅವರಿಗೆ ಗೊತ್ತೇ ಇರುವುದಿಲ್ಲ, ಅವರೂ ಆಗಿಲ್ಲ ಅನ್ನುತ್ತಾರೆ. ಎರಡೂ ಕಡೆ ಒಂದೇ ಉತ್ತರ ಬರುವ ಪ್ರಶ್ನೆ ಕೇಳಿ ಫಲವೇನು? ಕೇಳಬೇಕಾದದ್ದು ಅಭಿಪ್ರಾಯವನ್ನಲ್ಲ, ಚಿತ್ರವನ್ನು. ಅದೂ ನಾನೇ ನೋಡಿ ತೀರ್ಮಾನಿಸಬಹುದಾದಂಥ ಚಿತ್ರವನ್ನು.

ಕೊನೆಗೆ ಕಳಿಸಿದ ಪತ್ರ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳುವುದಾದರೆ ಸುಮಾರು ಹೀಗೆ:

"ನಮಸ್ಕಾರ. ನಿಮ್ಮ ಮಾವನವರ ಪೈಲಟ್ ವಾಚಿನ ಜಾಹೀರಾತು ನೋಡಿದೆ. ನನ್ನ ತಂದೆಗೆ ಕೊಡಲು ಇಂಥದ್ದೇ ಹುಡುಕುತ್ತಿದ್ದೇನೆ. ಹಿಂದೊಮ್ಮೆ ಹೀಗೆ ಕೊಂಡು ಮೋಸಹೋದ ಕಾರಣ ಕೆಲವು ಫೋಟೋ ಕೇಳುತ್ತಿದ್ದೇನೆ, ನಿಮ್ಮ ಮೇಲೆ ಅನುಮಾನವಿದ್ದಲ್ಲ. ಫೋಟೋಗಳು ಸರಿಯಿದ್ದರೆ ನೀವು ಹೇಳಿದ ಬೆಲೆಗೇ ಕೊಳ್ಳುತ್ತೇನೆ, ಚೌಕಾಸಿ ಮಾಡುವುದಿಲ್ಲ.

"ದಯವಿಟ್ಟು ವಾಚಿನಲ್ಲಿ ಒಂಬತ್ತೂ ಕಾಲು ತೋರುವಂತೆ ಮುಳ್ಳು ತಿರುಗಿಸಿ, ಕಿಟಕಿಯ ಬಳಿ, ಫ್ಲಾಶ್ ಇಲ್ಲದೆ, ಮೇಲಿನಿಂದ ನೇರವಾಗಿ ಒಂದು ಫೋಟೋ ತೆಗೆಯಿರಿ. ಆಗ ಮುಳ್ಳುಗಳು ಅಡ್ಡಕ್ಕೆ ನಿಂತು ಮೇಲಿನ ಮತ್ತು ಕೆಳಗಿನ ಬರಹ ಕಾಣುತ್ತದೆ. ಪಕ್ಕದಲ್ಲಿ ಅಂದಿನ ಪತ್ರಿಕೆಯ ತಾರೀಕು ಕಾಣುವಂತಿರಲಿ. ಹಾಗೆಯೇ 6ರ ಕೆಳಗಿನ ಅಂಚನ್ನು ಹತ್ತಿರದಿಂದ ಒಂದು. ಆಮೇಲೆ ಮುಳ್ಳುಗಳ ಮೇಲಿನ ಹೊಳೆಯುವ ಬಣ್ಣಕ್ಕೆ ಅರ್ಧ ನಿಮಿಷ ಟಾರ್ಚ್ ಬಿಟ್ಟು, ಕತ್ತಲ ಕೋಣೆಯಲ್ಲಿ ಒಂದು.

"ಹಿಂಬದಿಯ ಮುಚ್ಚಳವನ್ನು ದಯವಿಟ್ಟು ನೀವೇ ತೆಗೆಯಬೇಡಿ, ಚಾಕು ಜಾರಿದರೆ ವಾಚಿಗೂ ಕೈಗೂ ಪೆಟ್ಟು. ಹತ್ತಿರದ ವಾಚ್ ರಿಪೇರಿಯವರ ಹತ್ತಿರ ತೆಗೆಸಿ ಒಳಗಿನ ಮಷಿನ್ನಿನದೊಂದು, ಮುಚ್ಚಳದ ಒಳಬದಿಯದೊಂದು ಫೋಟೋ ಕಳಿಸಿ. ಅದರ ಖರ್ಚು ನನ್ನದು, ವ್ಯಾಪಾರ ಕುದುರದಿದ್ದರೂ ಕೊಡುತ್ತೇನೆ. ಪೂರ್ತಿ ಕೀ ಕೊಟ್ಟು ಬೆಳಿಗ್ಗೆ ನಿಮ್ಮ ಫೋನಿನ ಸಮಯಕ್ಕೆ ಹೊಂದಿಸಿ, ಮರುದಿನ ಅದೇ ಹೊತ್ತಿಗೆ ಎರಡನ್ನೂ ಪಕ್ಕಪಕ್ಕ ಇಟ್ಟು ಇನ್ನೊಂದು.

"ಗ್ಯಾರಂಟಿ ಕಾರ್ಡಿನ ಎರಡೂ ಬದಿ, ಖಾಲಿಯಿದ್ದರೂ ಸರಿ. ಬಿಲ್ಲು ಅಥವಾ ಹಳೆಯ ರಿಪೇರಿ ಚೀಟಿ ಇದ್ದರೆ ಅದೂ. ಇಲ್ಲದಿದ್ದರೆ ಇಲ್ಲವೆಂದು ಬರೆದರೆ ಸಾಕು, ಹುಡುಕಿ ತಂದು ಸೇರಿಸಬೇಡಿ."

ಒಂಬತ್ತೂ ಕಾಲು ನಾನು ಬೇಕೆಂದೇ ಆರಿಸಿದ ಸಮಯ. ಬರಹ ಕಾಣುವುದು ಒಂದು ಲಾಭ. ಜಾಹೀರಾತಿನವರ ಕೈಯಲ್ಲಿ ನಿಜವಾಗಿ ವಾಚು ಇದೆ, ಬೇರೆಲ್ಲಿಂದಲೋ ಕದ್ದ ಫೋಟೋ ಅಲ್ಲ ಎಂದು ತಿಳಿಯುವುದು ಎರಡನೆಯದು. ಮೂರನೆಯದನ್ನು ಚಿಕ್ಕಪ್ಪ ಫೋನಿನಲ್ಲಿ ಹೇಳಿಕೊಟ್ಟಿದ್ದರು. ನಿಮಿಷದ ಮುಳ್ಳು 3ರ ಮೇಲಿರುವಾಗ ಗಂಟೆಯ ಮುಳ್ಳು 9ನ್ನು ದಾಟಿ, 9 ಮತ್ತು 10ರ ನಡುವೆ ಕಾಲು ದಾರಿಯಲ್ಲಿ ಇರಬೇಕು. ಸರಿಯಾಗಿ 9ರ ಮೇಲೇ ಇದ್ದರೆ ಅಥವಾ ಅರ್ಧ ದಾರಿಯಲ್ಲಿದ್ದರೆ, ಯಾರೋ ಮುಳ್ಳು ಕಿತ್ತು ಮತ್ತೆ ಒತ್ತಿ ಕೂರಿಸಿದ್ದಾರೆ, ಕೂರಿಸುವಾಗ ಜೋಪಾನ ಮಾಡಿಲ್ಲ. ಮುಳ್ಳು ಕಿತ್ತವರು ಡಯಲ್ ತೆಗೆದಿರಬಹುದು. ತೆಗೆದ ಡಯಲ್ಲಿಗೆ ಬಣ್ಣ ಬಿದ್ದಿರಬಹುದು. ಅಲ್ಲಿಂದ ಹುಡುಕಾಟ ಶುರು.

ಕತ್ತಲ ಫೋಟೋದ ಲೆಕ್ಕವೂ ಹಾಗೆಯೇ. ಆ ಕಾಲದ ಹೊಳೆಯುವ ಬಣ್ಣ ದಶಕಗಳಲ್ಲಿ ಸತ್ತುಹೋಗಿ ಹಳದಿಗೋ ಕಂದಿಗೋ ತಿರುಗಿರುತ್ತದೆ. ಕತ್ತಲಲ್ಲಿ ಎಲ್ಲವೂ ಜಗಮಗ ಅಂದರೆ ಬಣ್ಣ ಮೊನ್ನೆ ಮೊನ್ನೆ ಬಳಿದದ್ದು. ಒಂದು ಮುಳ್ಳು ಮಾತ್ರ ಹೊಳೆದರೆ ಆ ಮುಳ್ಳು ಮಾತ್ರ ಹೊರಗಿನದು. 6ರ ಕೆಳಗಿನ ಅಂಚು ಕೇಳಿದ್ದು, ಅಲ್ಲಿ ಗಾಜಿನ ಚೌಕಟ್ಟಿಗೆ ತಾಗಿದಂತಿರುವ ಚಿಕ್ಕ ಅಕ್ಷರಗಳಿಗಾಗಿ. ಮರುಬಣ್ಣದವರು ಹೆಸರನ್ನು ನೀಟಾಗಿ ಅಚ್ಚು ಹಾಕಿದರೂ ಇಲ್ಲಿ ಸೋಮಾರಿತನ ತೋರಿಸುತ್ತಾರೆ. ಅಕ್ಷರ ದಪ್ಪಗಾಗಿ ಒಂದಕ್ಕೊಂದು ಅಂಟಿರುತ್ತವೆ, ಇಲ್ಲವೇ ಇರುವುದೇ ಇಲ್ಲ.

ಎರಡು ದಿನ ಉತ್ತರವಿಲ್ಲ. ಮೂರನೆಯ ದಿನ ಒಂದೇ ಸಾಲು ಬಂತು, ಹಿಂದಿಯಲ್ಲಿ: "ನೀವು ಕೊಳ್ಳುತ್ತಿರುವುದು ವಾಚೋ ಫ್ಲಾಟೋ?"

ಕೈತಪ್ಪಿತು ಅಂದುಕೊಂಡೆ. ಅವರ ಸಿಟ್ಟು ನ್ಯಾಯವೇ. ಕಪಾಟಿನ ಮೂಲೆಯಲ್ಲಿದ್ದ ವಸ್ತುವನ್ನು ಮಾರಲು ಹೊರಟವರಿಗೆ ಕತ್ತಲ ಕೋಣೆ, ಟಾರ್ಚ್, ರಿಪೇರಿ ಅಂಗಡಿ ಅಂತ ಕೆಲಸ ಹಚ್ಚಿದರೆ ಯಾರಿಗೆ ತಾನೇ ತಾಳ್ಮೆ ಇದ್ದೀತು? 'ನಿಮಗೆ ಅನುಕೂಲವಾದಷ್ಟೇ ಕಳಿಸಿ, ಆದರೆ ಒಂಬತ್ತೂ ಕಾಲಿನ ಫೋಟೋ ಮತ್ತು ಒಳಗಿನ ಮಷಿನ್ನು ಮಾತ್ರ ಬಿಡಬೇಡಿ' ಎಂದು ಬರೆದು ಸುಮ್ಮನಾದೆ. ಭಾನುವಾರ ಮಧ್ಯಾಹ್ನ ಹನ್ನೊಂದು ಫೋಟೋ ಬಂದವು. ಕಾಲೇಜಿಗೆ ಹೋಗುವ ಮಗಳು ತೆಗೆದದ್ದಂತೆ. ಕತ್ತಲ ಕೋಣೆಯದೂ ಇತ್ತು. 'ಇದನ್ನು ತೆಗೆಯುವುದು ಅವಳಿಗೆ ತುಂಬಾ ಇಷ್ಟವಾಯಿತು' ಎಂದು ತಾಯಿ ಕೆಳಗೆ ಬರೆದಿದ್ದರು. ದನಿ ಸ್ವಲ್ಪ ಮೆತ್ತಗಾಗಿತ್ತು.

ಫೋಟೋಗಳನ್ನು ದೊಡ್ಡದು ಮಾಡಿ ನೋಡುತ್ತ ಕೂತೆ. ಡಯಲ್ ಸಾಚಾ ಆಗಿತ್ತು. ನಿಮಿಷದ ಗೆರೆಗಳು ಅಂಕಿಗಳಿಗೆ ಸುತ್ತಲೂ ನೇರ ಬಂದಿದ್ದವು. ಕೆಳಗಿನ ಚಿಕ್ಕ ಅಕ್ಷರಗಳು ಸೂಜಿಮೊನೆಯಲ್ಲಿ ಬರೆದಂತೆ ಬಿಡಿಬಿಡಿಯಾಗಿದ್ದವು. 4ರ ಹತ್ತಿರ ಕಪ್ಪು ಬಣ್ಣ ಸ್ವಲ್ಪ ಮಾಸಿ ಕಂದಾಗಿತ್ತು. ಹಿಂದೆ ಅಂಥ ಕಲೆ ಕಂಡರೆ ಬೇಡ ಅನ್ನುತ್ತಿದ್ದೆ, ಈಗ ಕಲೆ ನೋಡಿ ಸಮಾಧಾನವಾಯಿತು. ಮಷಿನ್ನು ಒಂದೇ ಬಣ್ಣದ್ದು, ಎಚ್‌ಎಂಟಿ ಹೆಸರು ಕೊರೆದದ್ದು, ಸ್ಕ್ರೂಗಳ ಸೀಳು ಚೂಪಾಗೇ ಇದ್ದವು. ಮುಚ್ಚಳದ ಒಳಬದಿಯಲ್ಲಿ ಸೂಜಿಯಿಂದ ಗೀಚಿದ ಎರಡು ಸಣ್ಣ ಬರಹಗಳಿದ್ದವು. ರಿಪೇರಿಯವರು ವಾಚು ತೆರೆದಾಗ ತಮಗೆ ಮಾತ್ರ ತಿಳಿಯುವಂತೆ ತಾರೀಕೋ ಗುರುತೋ ಗೀಚಿಡುವ ರೂಢಿಯಿದೆ. ಅದರಲ್ಲೊಂದು 91 ಎಂದು ಓದಲು ಬಂತು. ಅಂದರೆ ಈ ಮುಚ್ಚಳವಿದ್ದ ವಾಚು ಕನಿಷ್ಠ ಎರಡು ಸಲ ರಿಪೇರಿಗೆ ಕೂತಿದೆ. ಯಾರೋ ಕಟ್ಟಿಕೊಂಡು ಓಡಾಡಿದ್ದಾರೆ.

ಆದರೆ ಗಂಟೆಯ ಮುಳ್ಳು ಒಂಬತ್ತೂ ಕಾಲಿಗೆ ಅರ್ಧ ದಾರಿಯಲ್ಲಿ ನಿಂತಿತ್ತು. ಕತ್ತಲ ಫೋಟೋದಲ್ಲಿ ಡಯಲ್ಲೂ ನಿಮಿಷದ ಮುಳ್ಳೂ ಕಾಣದೆ, ಗಂಟೆಯ ಮುಳ್ಳೊಂದೇ ಹಸಿರಾಗಿ ಮಿಣುಕುತ್ತಿತ್ತು. ಎರಡು ಫೋಟೋಗಳೂ ಒಂದೇ ಮಾತು ಹೇಳಿದವು: ಆ ಮುಳ್ಳು ಬದಲಾಗಿದೆ. ಇಪ್ಪತ್ತನಾಲ್ಕು ಗಂಟೆಯ ಪರೀಕ್ಷೆಯಲ್ಲಿ ವಾಚು ನಾಲ್ಕು ನಿಮಿಷ ಹಿಂದೆ ಬಿದ್ದಿತ್ತು. ಇದು ನನಗೆ ಗಾಬರಿ ತರಲಿಲ್ಲ. ವರ್ಷಗಟ್ಟಲೆ ಕಪಾಟಿನಲ್ಲಿದ್ದ ವಾಚಿನ ಎಣ್ಣೆ ಒಣಗಿ ಅಂಟಾಗಿರುತ್ತದೆ, ಹಿಂದೆ ಬೀಳುವುದು ಸಹಜ. ಬಿಚ್ಚಿ ತೊಳೆದು ಎಣ್ಣೆ ಹಾಕಿದರೆ ಸಾಮಾನ್ಯವಾಗಿ ದಾರಿಗೆ ಬರುತ್ತದೆ. ಹೆಚ್ಚು ಎಚ್ಚರ ಬೇಕಾದದ್ದು ಹತ್ತಾರು ನಿಮಿಷ ಮುಂದೆ ಓಡುವ ವಾಚಿನ ಬಗ್ಗೆ. ಅದರ ಕೂದಲೆಳೆಯಂಥ ಸುರುಳಿ ಸ್ಪ್ರಿಂಗಿಗೆ ಅಯಸ್ಕಾಂತ ಹಿಡಿದಿರಬಹುದು, ಸುತ್ತುಗಳು ಒಂದಕ್ಕೊಂದು ಅಂಟಿರಬಹುದು. ಅಯಸ್ಕಾಂತವಾದರೆ ಸುಲಭಕ್ಕೆ ಬಿಡಿಸುತ್ತಾರೆ, ಸ್ಪ್ರಿಂಗೇ ಸೊಟ್ಟಗಾಗಿದ್ದರೆ ಕಷ್ಟ.

ಇನ್ನು ಕಾಗದ. ಕಾರ್ಡು ಅಪ್ಪಟವಾಗಿತ್ತು. ನಾಸಿಕದ ಅಂಗಡಿಯ ಸೀಲು, 1986ರ ತಾರೀಕು, ಮಾಸಿದ ನೀಲಿ ಶಾಯಿ, ಮಡಿಕೆಯ ಗೆರೆಯಲ್ಲಿ ಶಾಯಿ ಒಡೆದದ್ದು. ಹೊಸ ಕಾರ್ಡಿಗೆ ಹಳೆಯ ತಾರೀಕು ಬರೆದಿದ್ದರೆ ಮಡಿಕೆ ಮೊದಲು, ಶಾಯಿ ಆಮೇಲೆ, ಗೆರೆಯೊಳಕ್ಕೆ ಶಾಯಿ ಇಳಿದಿರುತ್ತಿತ್ತು. ಎಲ್ಲವೂ ಸರಿ. ಆದರೆ ಮಾದರಿಯ ಹೆಸರಿನ ಜಾಗದಲ್ಲಿ ಅಂಗಡಿಯವನು ದುಂಡಗಿನ ಕೈಬರಹದಲ್ಲಿ ಬರೆದದ್ದು ಪೈಲಟ್ ಅಂತಲ್ಲ, ಕಾಂಚನ್ ಅಂತ.

ಕಾಂಚನ್ ಬೇರೆಯೇ ವಾಚು. ಕೈ ಅಲ್ಲಾಡಿದಂತೆ ತಾನೇ ಕೀ ಕೊಟ್ಟುಕೊಳ್ಳುವ ಆಟೋಮ್ಯಾಟಿಕ್, ವಾರ ತಾರೀಕು ಇರುವಂಥದ್ದು. ಆ ಕಾಲದಲ್ಲಿ ಮದುವೆಯಲ್ಲಿ ಅಳಿಯಂದಿರು ಹಟ ಹಿಡಿದು ಕೇಳುತ್ತಿದ್ದ ವಾಚು. ಸಾಚಾ ಕಾರ್ಡು, ಸಾಚಾ ವಾಚು, ಆದರೆ ಒಂದಕ್ಕೊಂದು ಸಂಬಂಧವಿಲ್ಲ.

ಕಾಗದವನ್ನು ದೇವರಪಟದಂತೆ ನಂಬುವವರಿಗೆ ನಾನೀಗ ಒಂದು ಕತೆ ಹೇಳುತ್ತೇನೆ. 2021ರ ನವೆಂಬರಿನಲ್ಲಿ ಜಿನೀವಾದ ಹರಾಜಿನಲ್ಲಿ ಒಂದು ಹಳೆಯ ಒಮೇಗಾ ಸ್ಪೀಡ್‌ಮಾಸ್ಟರ್ 31 ಲಕ್ಷ ಸ್ವಿಸ್ ಫ್ರಾಂಕಿಗೂ ಮೇಲೆ ಹೋಯಿತು. ಕೊಂಡದ್ದು ಸ್ವತಃ ಒಮೇಗಾ, ತನ್ನ ಮ್ಯೂಸಿಯಮ್ಮಿಗೆಂದು. 2023ರಲ್ಲಿ ಅದು ಬೇರೆ ಬೇರೆ ವಾಚುಗಳ ಭಾಗ ಸೇರಿಸಿ ಕಟ್ಟಿದ್ದೆಂದು ಬಯಲಾಯಿತು, ಇದರಲ್ಲಿ ತನ್ನ ಮಾಜಿ ನೌಕರರ ಕೈವಾಡವಿತ್ತೆಂದು ಕಂಪನಿಯೇ ಹೇಳಿತು. ತಯಾರಿಸಿದವರ ಮನೆಯಲ್ಲೇ ಹೀಗಾದರೆ ಅಂಗಡಿಯ ಸೀಲು ಯಾವ ಲೆಕ್ಕ! ಕಾರ್ಡು ಹೇಳುವುದನ್ನು ವಾಚೂ ಹೇಳಬೇಕು. ಇಲ್ಲದಿದ್ದರೆ ಅದು ಇನ್ನಾವುದೋ ವಾಚಿನ ಜಾತಕ.

ಈಗ ನನ್ನ ಮುಂದೆ ಕಷ್ಟದ ಪತ್ರವಿತ್ತು. ಮೊದಲನೆಯದಕ್ಕಿಂತ ಕಷ್ಟದ್ದು. 'ನಿಮ್ಮ ಕಾರ್ಡು ಬೇರೆ ವಾಚಿನದು' ಎಂದು ಹೇಗೆ ಬರೆಯುವುದು? ತೀರಿಹೋದ ಮಾವನವರ ಹೆಸರು ಎತ್ತಿದವರಿಗೆ ಅದು ಸುಳ್ಳುಗಾರರೇ ಎಂದಂತೆ ಕೇಳಿಸುವುದಿಲ್ಲವೇ? ಕೊನೆಗೆ ನೇರ ಪ್ರಶ್ನೆಯನ್ನೇ ಕೇಳಿದೆ: "ನಿಮ್ಮ ಮಾವನವರ ಹತ್ತಿರ ಇನ್ನೊಂದು ವಾಚು ಇತ್ತೇ? ಬಂಗಾರದ ಬಣ್ಣದ್ದು, ತಾರೀಕು ತೋರಿಸುವುದು?"

ಹತ್ತೇ ನಿಮಿಷಕ್ಕೆ ಫೋನು ಬಂತು. ಅವರ ದನಿ ಕೇಳಿದ್ದು ಅದೇ ಮೊದಲು. "ನಿಮಗೆ ಹೇಗೆ ಗೊತ್ತಾಯಿತು?" ಅಂದರು. ಇತ್ತಂತೆ. ಮಾವನವರಿಗೆ ಬಡ್ತಿ ಸಿಕ್ಕಾಗ ಕೊಂಡದ್ದಂತೆ, ಹಬ್ಬಕ್ಕೆ ಮಾತ್ರ ಕಟ್ಟುತ್ತಿದ್ದರಂತೆ. ಅವರು ಹೋದಮೇಲೆ ಮೈದುನ ಅದನ್ನು ಪುಣೆಗೆ ಒಯ್ದರಂತೆ. ಇಲ್ಲಿ ಉಳಿದದ್ದು ದಿನಬಳಕೆಯ ಪೈಲಟ್ಟು, ಪೆಟ್ಟಿಗೆ, ಕಾರ್ಡು. ಎರಡೂ ಒಂದೇ ಡ್ರಾಯರಿನಲ್ಲಿ ಇದ್ದದ್ದರಿಂದ ಜೋಡಿ ಅಂದುಕೊಂಡಿದ್ದರು. ಗಂಟೆಯ ಮುಳ್ಳಿನ ವಿಷಯ ಹೇಳಿದಾಗ ಸ್ವಲ್ಪ ಯೋಚಿಸಿ, ಒಮ್ಮೆ ಸ್ಕೂಟರಿನಿಂದ ಬಿದ್ದು ವಾಚಿನ ಗಾಜು ಒಡೆದದ್ದನ್ನು ನೆನಪು ಮಾಡಿಕೊಂಡರು. 'ಎಲ್ಲಾ ಒರಿಜಿನಲ್' ಎಂದು ಅವರು ಬರೆದಾಗ ಸುಳ್ಳು ಹೇಳಿರಲಿಲ್ಲ. ನನ್ನ ಮೊದಲ ಕರಡು ಕಳಿಸಿದ್ದರೆ ಅವರು ಖಾತ್ರಿಯನ್ನೂ ಕೊಟ್ಟಿರುತ್ತಿದ್ದರು.

ಬೆಲೆಯ ವಿಷಯದಲ್ಲಿ ಅವರೇ ಮೊದಲು ಮಾತೆತ್ತಿದರು. ಕಾರ್ಡು ಬಿಟ್ಟು, ಮುಳ್ಳು ಲೆಕ್ಕ ಹಿಡಿದು 3,800ಕ್ಕೆ ಒಪ್ಪಿದೆವು. ಚೌಕಾಸಿ ಮಾಡುವುದಿಲ್ಲ ಎಂದು ಬರೆದಿದ್ದೆನಲ್ಲ, ಫೋಟೋ ಸರಿಯಿದ್ದರೆ ಎಂಬ ಷರತ್ತು ನನ್ನನ್ನು ಕಾಪಾಡಿತು. ರಿಪೇರಿಯವನಿಗೆ ಮುಚ್ಚಳ ತೆಗೆಯಲು ಕೊಟ್ಟ ಐವತ್ತು ರೂಪಾಯಿ ಬೇರೆ ಕಳಿಸಿದೆ. ಕಾರ್ಡನ್ನು ಪುಣೆಗೆ, ಮೈದುನನಿಗೇ ಕಳಿಸಿಕೊಡಿ ಅಂದೆ. ನನಗದು ಬೇಡವಾಗಿತ್ತು. ನನ್ನ ಕೈಯಲ್ಲಿದ್ದರೆ ನಾಳೆ ನನ್ನ ಮಗನೋ ಮತ್ತೊಬ್ಬರೋ ಅದನ್ನೇ ಪೈಲಟ್ಟಿನ ಜೊತೆ ಸೇರಿಸಿ ಮಾರಿಯಾರು, ಸದುದ್ದೇಶದಿಂದಲೇ.

ಅದರ ಬದಲು ಒಂದು ಕಾಗದ ಕೇಳಿದೆ. ಇಂಥವರ ವಾಚು, ಅವರು ಸುಮಾರು ಇಂಥ ವರ್ಷಗಳಲ್ಲಿ ದಿನವೂ ಕಟ್ಟುತ್ತಿದ್ದರು, ಒಮ್ಮೆ ಗಾಜು ಒಡೆದು ರಿಪೇರಿ ಆಗಿದೆ, ಇಂಥ ದಿನ ಇಷ್ಟು ಹಣಕ್ಕೆ ನಾನು ಇವರಿಗೆ ಮಾರಿದ್ದೇನೆ ಎಂದು ಅವರೇ ಬರೆದು ಸಹಿ ಹಾಕಿ, ಮುಚ್ಚಳದ ಹಿಂದಿರುವ ಸಂಖ್ಯೆಯನ್ನೂ ನಮೂದಿಸಿ ಕೊಡಬೇಕು. ಆಧಾರ್ ಪ್ರತಿ ಕಳಿಸಲೇ ಎಂದರು, ಬೇಡವೆಂದೆ. ಅದನ್ನು ನಾನು ಇಟ್ಟುಕೊಳ್ಳುವುದೂ ಸರಿಯಲ್ಲ. ಅವರು ಮರಾಠಿಯಲ್ಲಿ, ವಹಿಯ ಹಾಳೆಯಲ್ಲಿ ಬರೆದು ವಾಚಿನ ಜೊತೆಗೇ ಇಟ್ಟು ಕಳಿಸಿದರು. ಕೊನೆಯಲ್ಲಿ ನಾನು ಕೇಳದ ಒಂದು ಸಾಲಿತ್ತು: ಮಾವನವರು ರಾತ್ರಿ ಮಲಗುವ ಮುನ್ನ ಕೀ ಕೊಡುತ್ತಿದ್ದರು, ಬೆಳಿಗ್ಗೆಯಲ್ಲ.

ದಾದರಿನಲ್ಲಿ ತೊಳೆಸಿ ಎಣ್ಣೆ ಹಾಕಿಸಿದ ಮೇಲೆ ದಿನಕ್ಕೆ ಅರ್ಧ ನಿಮಿಷದ ಆಚೀಚೆಗೆ ಬಂತು. ತಿಪಟೂರಿಗೆ ಹೋದಾಗ ಮೊದಲು ಚಿಕ್ಕಪ್ಪನ ಕೈಗೆ ಕೊಟ್ಟೆ. ಜೇಬಿನಿಂದ ಭೂತಗನ್ನಡಿ ಹೊರಬಂತು. ಡಯಲ್ ನೋಡಿ ತಲೆಯಾಡಿಸಿದರು. ಗಂಟೆ ಮುಳ್ಳಿನ ಮೇಲೆ ಉಗುರಿಟ್ಟು ನನ್ನ ಮುಖ ನೋಡಿದರು. "ಗೊತ್ತು" ಅಂದೆ. ವಾಚನ್ನು ಪಕ್ಕಕ್ಕೆ ತಿರುಗಿಸಿ ಕೀ ಕೊಡುವ ಗುಂಡಿ ನೋಡಿದರು.

"ಇದೂ ನಮ್ಮದಲ್ಲ. ಗುಂಡಿದು ಫೋಟೋ ಕೇಳ್ಲಿಲ್ವೇನೋ?"

ಕೇಳಿರಲಿಲ್ಲ. ಹನ್ನೊಂದು ಫೋಟೋದಲ್ಲಿ ಒಂದರಲ್ಲೂ ಗುಂಡಿಯ ಮುಖ ಸರಿಯಾಗಿ ಕಾಣುತ್ತಿರಲಿಲ್ಲ, ಅದು ನನಗೆ ಹೊಳೆದೂ ಇರಲಿಲ್ಲ. ದಿನಾ ಬೆರಳು ತಾಗುವ ಜಾಗ ಅದು, ಮೊದಲು ಸವೆಯುವುದೂ ಅದೇ, ಬದಲಾಗುವುದೂ ಅದೇ ಅಂದರು. ಆಮೇಲೆ ಮುಚ್ಚಳ ತೆಗೆದು ಒಳಗೆ ನೋಡುತ್ತ ಸುಮಾರು ಹೊತ್ತು ಸುಮ್ಮನೆ ಕೂತರು. ಮುಚ್ಚಿ ನನ್ನ ಕೈಗೆ ವಾಪಸ್ ಕೊಟ್ಟು, "ಹೋಗು, ಅಣ್ಣಂಗೆ ಕೊಡು" ಅಂದರು.

ಅಪ್ಪ ಜಗಲಿಯಲ್ಲಿ ಪೇಪರ್ ಹಿಡಿದಿದ್ದರು. ವಾಚು ತೆಗೆದುಕೊಂಡು ಕಿವಿಗೆ ಹಿಡಿದರು, ಕನ್ನಡಕ ಮೇಲೆ ಸರಿಸಿ ಹತ್ತಿರದಿಂದ ನೋಡಿದರು.

"ಇದು ಅದಲ್ಲ" ಅಂದರು.

"ಅಲ್ಲಪ್ಪ."

"ಗೊತ್ತಾಯ್ತು ಬಿಡು. ಇವತ್ತು ಕೀ ಕೊಟ್ಟಿದೀಯ, ನಾನೇ ಕೊಡ್ಲಾ?"